ಬೆಳಗಿನ ಒಂಬತ್ತರ ಹರಾಜು: ಆರಂಭಿಕ ಬೆಲೆಯನ್ನು ಯಾರು ಗೊತ್ತುಮಾಡುತ್ತಾರೆ?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕ. ನನ್ನಲ್ಲಿದ್ದ ಒಂದು ಕಂಪನಿಯ 500 ಷೇರುಗಳನ್ನು ಮಾರಲು ರಾತ್ರಿಯೇ ಆ್ಯಪ್‌ನಲ್ಲಿ ಮಾರ್ಕೆಟ್ ಆರ್ಡರ್ ಹಾಕಿದ್ದೆ. ಹಿಂದಿನ ದಿನದ ಮುಕ್ತಾಯ ಬೆಲೆ 412 ರೂಪಾಯಿ. ತ್ರೈಮಾಸಿಕ ಫಲಿತಾಂಶ ಚೆನ್ನಾಗಿ ಬಂದಿತ್ತು. ಬೆಳಿಗ್ಗೆ 9:05ಕ್ಕೆ ನೋಡಿದಾಗ 422 ತೋರಿಸುತ್ತಿತ್ತು, ಕೊನೆಗೆ 418ಕ್ಕೆ ತೆರೆಯಿತು. ಮಾರಾಟವಾದದ್ದು 200 ಮಾತ್ರ. ಉಳಿದ 300 ಷೇರು ‘418 ಲಿಮಿಟ್’ ಎಂದು ಬಾಕಿ ಕಾಣಿಸಿತು, ಅಂಥ ಬೆಲೆಯನ್ನು ನಾನು ನಮೂದಿಸಿಯೇ ಇರಲಿಲ್ಲ. 405 ಎಂದು ಬರೆದಿದ್ದ ನನ್ನ ಸ್ನೇಹಿತರ ಷೇರುಗಳೆಲ್ಲವೂ 418ಕ್ಕೇ ಹೋದವು. ಇದರಲ್ಲಿ ಬ್ರೋಕರ್‌ನ ಅಥವಾ ದೊಡ್ಡವರ ಕೈವಾಡ ಇದೆಯೇ? ಮಾರ್ಕೆಟ್ ಆರ್ಡರ್‌ಗೆ ಮೊದಲ ಆದ್ಯತೆ ಎಂದೇ ನಾನು ತಿಳಿದಿದ್ದೆ.

ಉತ್ತರ: ನೀವು ಬರೆದಿರುವಷ್ಟರಲ್ಲಿ ಬ್ರೋಕರ್‌ನ ತಪ್ಪು ನನಗೆ ಕಾಣುತ್ತಿಲ್ಲ. 200 ಷೇರು ಮಾತ್ರ ಹೋದದ್ದು, 300 ಷೇರಿಗೆ ನೀವು ಬರೆಯದ ಬೆಲೆ ಅಂಟಿಕೊಂಡದ್ದು, ನಿಮ್ಮ ಸ್ನೇಹಿತರಿಗೆ ಕೇಳಿದ್ದಕ್ಕಿಂತ 13 ರೂಪಾಯಿ ಹೆಚ್ಚು ಸಿಕ್ಕಿದ್ದು, ಈ ಮೂರೂ ವಿನಿಮಯ ಕೇಂದ್ರದ ಲಿಖಿತ ನಿಯಮಗಳಿಂದಲೇ ಆಗುವಂಥವು. ಮಾರ್ಕೆಟ್ ಆರ್ಡರ್‌ಗೆ ಮೊದಲ ಆದ್ಯತೆ ಎಂಬ ನಿಮ್ಮ ತಿಳಿವಳಿಕೆ 9:15ರ ನಂತರದ ಮಾಮೂಲಿ ವಹಿವಾಟಿಗೆ ಸರಿ. ಬೆಳಗಿನ ಪ್ರೀ-ಓಪನ್ ಹರಾಜಿನಲ್ಲಿ ಅದು ತಲೆಕೆಳಗು, ಅಲ್ಲಿ ಮಾರ್ಕೆಟ್ ಆರ್ಡರ್ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಡೀಲಿಂಗ್ ಟರ್ಮಿನಲ್ ಮುಂದೆ ಕುಳಿತ ವರ್ಷಗಳಲ್ಲಿ ಈ ಒಂದು ಅಂಶ ತಿಳಿಯದೆ ಗೊಂದಲಕ್ಕೊಳಗಾದ ಗ್ರಾಹಕರನ್ನು ನಾನು ಪದೇ ಪದೇ ಕಂಡಿದ್ದೇನೆ. ಹಾಗಾಗಿ ಬೆಲೆ ಹೇಗೆ ಹುಟ್ಟುತ್ತದೆ ಎಂಬುದರಿಂದ ಆರಂಭಿಸಿ ನಿಮ್ಮ 300 ಷೇರುಗಳವರೆಗೆ ಹೆಜ್ಜೆ ಹೆಜ್ಜೆಯಾಗಿ ಹೋಗೋಣ.

ನಮ್ಮ ಎನ್‌ಎಸ್‌ಇ ಮತ್ತು ಬಿಎಸ್‌ಇಗಳಲ್ಲಿ ಈ ಹರಾಜು ಶುರುವಾದದ್ದು 2010ರ ಅಕ್ಟೋಬರ್ 18ರಂದು, ಆಗ ಸೂಚ್ಯಂಕಗಳಲ್ಲಿದ್ದ ಷೇರುಗಳಿಗೆ ಮಾತ್ರ. ನಂತರ 2013ರಲ್ಲಿ ಇತರ ಷೇರುಗಳಿಗೂ ವಿಸ್ತರಿಸಿತು. ಅಂದಿನಿಂದ ನಡೆದುಬಂದಿರುವ ಕ್ರಮದಲ್ಲಿ 9:00ರಿಂದ 9:08ರವರೆಗೆ ಆರ್ಡರ್ ಹಾಕಬಹುದು, ತಿದ್ದಬಹುದು, ಹಿಂತೆಗೆಯಬಹುದು. ಕೊನೆಯ ನಿಮಿಷದಲ್ಲಿ, ಅಂದರೆ 9:07 ಮತ್ತು 9:08ರ ನಡುವೆ, ಯಾರಿಗೂ ಮುಂಚಿತವಾಗಿ ಗೊತ್ತಿಲ್ಲದ ಒಂದು ಕ್ಷಣದಲ್ಲಿ ಕಂಪ್ಯೂಟರ್ ಬಾಗಿಲು ಮುಚ್ಚುತ್ತದೆ. 9:12ರವರೆಗೆ ಬೆಲೆ ನಿರ್ಧಾರ ಮತ್ತು ಹೊಂದಾಣಿಕೆ, 9:15ರವರೆಗೆ ಮಾಮೂಲಿ ವಹಿವಾಟಿಗೆ ಸಾಗುವ ಬಿಡುವು. ಬಾಗಿಲು ಮುಚ್ಚಿದ ಮೇಲೆ 9:15ರವರೆಗೆ ನಿಮ್ಮ ಆರ್ಡರನ್ನು ನೀವು ಮುಟ್ಟುವಂತಿಲ್ಲ.

ಮಾಮೂಲಿ ವಹಿವಾಟಿನಲ್ಲಿ ಆರ್ಡರ್ ಬಂದ ಕೂಡಲೇ ಎದುರಿಗೆ ಹೊಂದುವ ಆರ್ಡರ್ ಇದ್ದರೆ ವ್ಯಾಪಾರ ಮುಗಿದುಹೋಗುತ್ತದೆ, ಮರುಕ್ಷಣದ ವ್ಯಾಪಾರ ಬೇರೆ ಬೆಲೆಗೆ ನಡೆಯಬಹುದು. ರಾತ್ರಿಯಿಡೀ ಸುದ್ದಿ ಬಂದು ಆರ್ಡರುಗಳು ರಾಶಿಬಿದ್ದಿರುವಾಗ ಇದೇ ಕ್ರಮವನ್ನು ಅನುಸರಿಸಿದರೆ ಮೊದಲ ಕೆಲವು ಸೆಕೆಂಡುಗಳ ಬೆಲೆಗಳು ಯಾರ ಆರ್ಡರ್ ಮೊದಲು ತಲುಪಿತು ಎಂಬುದರ ಮೇಲೆ ನಿಲ್ಲುತ್ತವೆ. ಅದರ ಬದಲು ಹರಾಜಿನಲ್ಲಿ ಏಳೆಂಟು ನಿಮಿಷ ಏನನ್ನೂ ಹೊಂದಿಸದೆ ಎಲ್ಲವನ್ನೂ ಕೂಡಿಹಾಕಿ, ಕೊನೆಗೆ ಒಂದೇ ಬಾರಿಗೆ, ಒಂದೇ ಬೆಲೆಗೆ ಕೈಬದಲಾಯಿಸುತ್ತಾರೆ. ‘ಹರಾಜು’ ಎಂದ ತಕ್ಷಣ ನಿಮ್ಮೂರಿನ ಎಪಿಎಂಸಿಯ ಅಡಿಕೆ ಟೆಂಡರು ನೆನಪಾದರೆ, ವ್ಯತ್ಯಾಸವನ್ನು ಅಲ್ಲೇ ಹಿಡಿಯಬಹುದು: ಅಲ್ಲಿ ಪ್ರತಿ ಲಾಟಿಗೂ ಬೇರೆ ದರ, ಹೆಚ್ಚು ಬರೆದವನು ತಾನು ಬರೆದಷ್ಟನ್ನೇ ಕೊಡಬೇಕು. ಇಲ್ಲಿ ಯಾರು ಎಷ್ಟೇ ಬರೆದಿರಲಿ, ವ್ಯಾಪಾರವಾದವರೆಲ್ಲರಿಗೂ ಒಂದೇ ಬೆಲೆ. ನೀವು ಬರೆಯುವ ಲಿಮಿಟ್ ನಿಮ್ಮ ಗಡಿ ಅಷ್ಟೇ: ಮಾರುವವನಿಗೆ ‘ಇದಕ್ಕಿಂತ ಕಡಿಮೆಗೆ ಬೇಡ’, ಕೊಳ್ಳುವವನಿಗೆ ‘ಇದಕ್ಕಿಂತ ಹೆಚ್ಚು ಕೊಡಲಾರೆ’. ನಿಮ್ಮ ಸ್ನೇಹಿತರು 405 ಎಂದು ಬರೆದೂ 418 ಪಡೆದದ್ದು ಇದರಿಂದಲೇ.

ಆ ಒಂದು ಬೆಲೆ ಯಾವುದು ಎಂಬುದಕ್ಕೆ ಮುಖ್ಯ ನಿಯಮ ಒಂದೇ: ಯಾವ ಬೆಲೆಯಲ್ಲಿ ಅತಿ ಹೆಚ್ಚು ಷೇರುಗಳು ಕೈಬದಲಾಗುತ್ತವೆಯೋ ಅದೇ ಆರಂಭಿಕ ಬೆಲೆ. ಅದು ಆರ್ಡರುಗಳ ಸರಾಸರಿಯಲ್ಲ, ಅತಿ ದೊಡ್ಡ ಆರ್ಡರಿನ ಬೆಲೆಯೂ ಅಲ್ಲ. ನಿಮ್ಮ ಷೇರಿನ ಅಂದಿನ ಪೂರ್ತಿ ಆರ್ಡರ್ ಪಟ್ಟಿ ನನ್ನ ಬಳಿ ಇಲ್ಲ, ಆದರೆ ನೀವು ಕೊಟ್ಟ ಅಂಕಿಗಳಿಗೆ ಹೊಂದುವಂಥ ಒಂದು ಚಿಕ್ಕ ಪಟ್ಟಿಯನ್ನು ಕಟ್ಟಿ ತೋರಿಸುತ್ತೇನೆ. ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಕೂಡಿಸುತ್ತ ಬಂದರೆ ಚೆನ್ನ.

ಕೊಳ್ಳುವವರ ಕಡೆ: ಯಾವ ಬೆಲೆಯಾದರೂ ಸರಿ ಎನ್ನುವ ಮಾರ್ಕೆಟ್ ಆರ್ಡರುಗಳು 2,000 ಷೇರಿಗೆ. 425ರವರೆಗೆ ಕೊಡುತ್ತೇನೆ ಎನ್ನುವವರು 1,000, 420ರವರೆಗೆ 3,000, 418ರವರೆಗೆ 4,000, 415ರವರೆಗೆ 5,000, 410ರವರೆಗೆ 6,000.

ಮಾರುವವರ ಕಡೆ: ಮಾರ್ಕೆಟ್ ಆರ್ಡರುಗಳು 3,000 ಷೇರು, ನಿಮ್ಮ 500 ಇದರಲ್ಲೇ ಸೇರಿದೆ. 405 ಸಿಕ್ಕರೂ ಸಾಕು ಎನ್ನುವವರು 2,000, ನಿಮ್ಮ ಸ್ನೇಹಿತರು ಇಲ್ಲಿದ್ದಾರೆ. 412ಕ್ಕೆ 2,500, 418ಕ್ಕೆ 4,500, 422ಕ್ಕೆ 4,000, 430ಕ್ಕೆ 5,000.

ಈಗ ಪ್ರತಿಯೊಂದು ಬೆಲೆಯನ್ನೂ ತೆಗೆದುಕೊಂಡು ಎರಡು ಪ್ರಶ್ನೆ ಕೇಳಬೇಕು. ಈ ಬೆಲೆಗೆ ಕೊಳ್ಳಲು ಒಟ್ಟು ಎಷ್ಟು ಷೇರಿಗೆ ಸಿದ್ಧರಿದ್ದಾರೆ, ಮಾರಲು ಎಷ್ಟು ಷೇರಿಗೆ ಸಿದ್ಧರಿದ್ದಾರೆ? 418ಕ್ಕೆ ಕೊಳ್ಳಲು 418, 420, 425 ಬರೆದವರೂ ಮಾರ್ಕೆಟ್ ಆರ್ಡರಿನವರೂ ಸಿದ್ಧರು, ಒಟ್ಟು 10,000. ಅದೇ ಬೆಲೆಗೆ ಮಾರಲು 418, 412, 405 ಬರೆದವರೂ ಮಾರ್ಕೆಟ್ ಆರ್ಡರಿನವರೂ ಸಿದ್ಧರು, ಒಟ್ಟು 12,000. ಎರಡರಲ್ಲಿ ಚಿಕ್ಕದು ಯಾವುದೋ ಅಷ್ಟೇ ಕೈಬದಲಾಗಲು ಸಾಧ್ಯ.

| ಬೆಲೆ | ಕೊಳ್ಳಲು ಸಿದ್ಧ | ಮಾರಲು ಸಿದ್ಧ | ಕೈಬದಲಾಗುವುದು |
|---|---|---|---|
| 410 | 21,000 | 5,000 | 5,000 |
| 412 | 15,000 | 7,500 | 7,500 |
| 415 | 15,000 | 7,500 | 7,500 |
| 418 | 10,000 | 12,000 | 10,000 |
| 420 | 6,000 | 12,000 | 6,000 |
| 422 | 3,000 | 16,000 | 3,000 |

418ರಲ್ಲಿ 10,000. ಬೇರಾವ ಬೆಲೆಯಲ್ಲೂ ಅಷ್ಟು ಆಗುವುದಿಲ್ಲ. ಒಂದು ರೂಪಾಯಿ ಮೇಲೆ ಹೋದರೆ 418ರವರೆಗೆ ಮಾತ್ರ ಕೊಡುತ್ತೇವೆ ಎಂದ ಕೊಳ್ಳುವವರು ಕಳಚಿಕೊಳ್ಳುತ್ತಾರೆ, ಒಂದು ರೂಪಾಯಿ ಕೆಳಗೆ ಬಂದರೆ 418ಕ್ಕಿಂತ ಕಡಿಮೆಗೆ ಬೇಡ ಎಂದ ಮಾರುವವರು ಹೊರಗುಳಿಯುತ್ತಾರೆ. ಇಲ್ಲಿ ಬೆಲೆಯನ್ನು ‘ಇಟ್ಟವರು’ ಯಾರೂ ಇಲ್ಲ. ಅಂದು ಆರ್ಡರ್ ಹಾಕಿದವರೆಲ್ಲರ ಗಡಿಗಳು ಸೇರಿ ಅದನ್ನು ಅಲ್ಲಿಗೆ ತಂದು ನಿಲ್ಲಿಸಿವೆ. ನಿಫ್ಟಿ ಸೂಚ್ಯಂಕದ ಮುಂಗಡ ವಹಿವಾಟಾದ, ಬೆಳಿಗ್ಗೆ ಬೇಗ ಕಾಣಸಿಗುವ ಗಿಫ್ಟ್ ನಿಫ್ಟಿಯ ಏರಿಳಿತ ಈ ಲೆಕ್ಕದಲ್ಲಿ ಎಲ್ಲೂ ಸೇರುವುದಿಲ್ಲ. ಅದನ್ನು ನೋಡಿ ಜನ ತಮ್ಮ ಆರ್ಡರಿನ ಬೆಲೆ ಬದಲಿಸಿದರೆ ಮಾತ್ರ ಪರೋಕ್ಷವಾಗಿ ಒಳಬರುತ್ತದೆ.

ಇನ್ನು ನಿಮ್ಮ ಷೇರುಗಳ ವಿಷಯ. 418ಕ್ಕೆ ಮಾರಲು 12,000 ಷೇರು ಸಿದ್ಧವಿದ್ದು, ಹೋಗುವುದು 10,000 ಮಾತ್ರ. 2,000 ಷೇರು ಉಳಿಯಲೇಬೇಕು. ಯಾರದು ಉಳಿಯಬೇಕು? ‘ಯಾವ ಬೆಲೆಗಾದರೂ ಕೊಡುತ್ತೇನೆ’ ಎಂದವನದು ಮೊದಲು ಹೋಗಬೇಕೆಂದು ಯಾರಿಗಾದರೂ ಅನಿಸುತ್ತದೆ. ಹೊಂದಾಣಿಕೆಯ ಕ್ರಮ ಹಾಗಿಲ್ಲ. ಮೊದಲು ಆ ಬೆಲೆಗೆ ಅರ್ಹವಾದ ಲಿಮಿಟ್ ಆರ್ಡರುಗಳನ್ನು ಎದುರಿನ ಅರ್ಹ ಲಿಮಿಟ್ ಆರ್ಡರುಗಳೊಂದಿಗೆ ಹೊಂದಿಸುತ್ತಾರೆ. ಮಿಕ್ಕ ಲಿಮಿಟ್ ಆರ್ಡರುಗಳನ್ನು ಎದುರಿನ ಮಾರ್ಕೆಟ್ ಆರ್ಡರುಗಳೊಂದಿಗೆ ಹೊಂದಿಸುತ್ತಾರೆ. ಅಷ್ಟಾದ ಮೇಲೆ ಉಳಿದ ಮಾರ್ಕೆಟ್ ಆರ್ಡರುಗಳನ್ನು ಪರಸ್ಪರ ಹೊಂದಿಸುತ್ತಾರೆ.

ನಮ್ಮ ಪಟ್ಟಿಯಲ್ಲಿ ಕೊಳ್ಳುವ ಕಡೆಯ ಅರ್ಹ ಲಿಮಿಟ್ 8,000, ಮಾರುವ ಕಡೆಯದು 9,000. ಮೊದಲ ಸುತ್ತಿನಲ್ಲಿ 8,000 ಮುಗಿಯುತ್ತದೆ, ಮಾರುವ ಲಿಮಿಟ್‌ನಲ್ಲಿ 1,000 ಮಿಕ್ಕುತ್ತದೆ. ಎರಡನೇ ಸುತ್ತಿನಲ್ಲಿ ಆ 1,000 ಷೇರು 2,000 ಷೇರಿನ ಮಾರ್ಕೆಟ್ ಖರೀದಿಯ ಎದುರು ಹೋಗುತ್ತದೆ. ಕೊನೆಗೆ ಉಳಿದ ಮಾರ್ಕೆಟ್ ಖರೀದಿ 1,000, ಅದರೆದುರು ಮಾರ್ಕೆಟ್ ಮಾರಾಟ 3,000. ಮೂರರಲ್ಲಿ ಒಂದು ಪಾಲು ಹೋಗಿ 2,000 ಷೇರು ನಿಂತುಬಿಡುತ್ತದೆ. ಈ ಗುಂಪಿನೊಳಗೆ ಯಾರ ಆರ್ಡರ್ ಮೊದಲು ಬಂತೋ ಅವರದು ಮೊದಲು. ನಿಮಗಿಂತ ಮುಂಚೆ 800 ಷೇರಿನ ಆರ್ಡರುಗಳಿದ್ದರೆ ನಿಮ್ಮ ಪಾಲಿಗೆ ಬರುವುದು ಸರಿಯಾಗಿ 200. ಇಲ್ಲಿ ಲೆಕ್ಕಕ್ಕೆ ಬರುವ ಸಮಯ ನೀವು ರಾತ್ರಿ ಆ್ಯಪ್‌ನಲ್ಲಿ ಬರೆದದ್ದಲ್ಲ. ರಾತ್ರಿಯ ಆರ್ಡರ್ ಬ್ರೋಕರ್‌ನ ಕಂಪ್ಯೂಟರಿನಲ್ಲಿ ಕಾದಿದ್ದು, ಬೆಳಿಗ್ಗೆ ಒಂಬತ್ತರ ನಂತರ ವಿನಿಮಯ ಕೇಂದ್ರವನ್ನು ಸೇರಿದ ಕ್ಷಣವೇ ಅದರ ಸಮಯ.

ಉಳಿದ ಮಾರ್ಕೆಟ್ ಆರ್ಡರುಗಳು ರದ್ದಾಗುವುದಿಲ್ಲ. ಹರಾಜಿನಲ್ಲಿ ಸಿಕ್ಕ ಬೆಲೆಯನ್ನೇ ಲಿಮಿಟ್ ಆಗಿ ಅಂಟಿಸಿ, ಮೂಲ ಸಮಯದ ಮುದ್ರೆಯೊಂದಿಗೇ ಮಾಮೂಲಿ ವಹಿವಾಟಿಗೆ ದಾಟಿಸುತ್ತಾರೆ. ನಿಮ್ಮ ಪರದೆಯ ಮೇಲೆ ಕಂಡ ‘418 ಲಿಮಿಟ್’ ಅದೇ. ಇದರಲ್ಲಿ ಒಂದು ರಕ್ಷಣೆಯೂ ಇದೆ, ಏಕೆಂದರೆ ಅದು ಮಾರ್ಕೆಟ್ ಆರ್ಡರ್ ಆಗಿಯೇ 9:15ಕ್ಕೆ ಒಳನುಗ್ಗಿದ್ದರೆ ಎದುರಿಗೆ ಯಾವ ಬೆಲೆ ಇದೆಯೋ ಅದಕ್ಕೆ ಹೋಗಿಬಿಡುತ್ತಿತ್ತು. ಆದರೆ ಹೇಗಾದರೂ ಮಾರಿ ಮುಗಿಸಬೇಕು ಎಂಬ ಉದ್ದೇಶದಿಂದ ಹಾಕಿದವರಿಗೆ ಇದು ತೊಡಕು. 9:15ಕ್ಕೆ ಪಟ್ಟಿ ಹೇಗಿರುತ್ತದೆ ನೋಡಿ: 418, 420, 425 ಬರೆದ ಕೊಳ್ಳುವವರೆಲ್ಲ ಮುಗಿದಿದ್ದಾರೆ, ಉಳಿದವರಲ್ಲಿ ಅತಿ ಹೆಚ್ಚು ಕೊಡುವವರು 415ರವರು. ಮಾರುವ ಕಡೆ 418ಕ್ಕೆ 2,000 ಷೇರು ಕುಳಿತಿದೆ. ಆ ಹೊತ್ತಿಗೆ ಹೊಸ ಕೊಳ್ಳುವವರು ಬರದಿದ್ದರೆ, ಮುಂದೆ ಬರುವ ಮೊದಲ ಮಾರ್ಕೆಟ್ ಮಾರಾಟ 415ಕ್ಕೆ ಆಗುತ್ತದೆ, ನಿಮ್ಮ 300 ಷೇರು ಮೇಲೆ ಉಳಿಯುತ್ತದೆ. ‘418ಕ್ಕೆ ತೆರೆದು ಮರುಕ್ಷಣವೇ ಬೀಳಿಸಿದರು’ ಎಂದು ಬಹಳ ಮಂದಿ ಹೇಳುತ್ತಾರೆ. ಹಲವು ಸಲ ಅದರ ಹಿಂದೆ ಇರುವುದು ಇಷ್ಟೇ, ಹರಾಜು ಆ ಬೆಲೆಯ ಕೊಳ್ಳುವವರನ್ನು ಪೂರ್ತಿ ಬಳಸಿಕೊಂಡು ಮುಗಿಸಿರುತ್ತದೆ.

422 ಹೇಗೆ ಬಂತು, ಎಲ್ಲಿ ಹೋಯಿತು ಎಂಬುದಕ್ಕೆ ಬರುತ್ತೇನೆ. 9:00ರಿಂದ ಬಾಗಿಲು ಮುಚ್ಚುವವರೆಗೆ ಪರದೆಯಲ್ಲಿ ಕಾಣುವ ಬೆಲೆ ಒಂದು ಸೂಚನೆ ಮಾತ್ರ. ‘ಈ ಕ್ಷಣದಲ್ಲಿ ಬಾಗಿಲು ಮುಚ್ಚಿದ್ದರೆ ಈ ಬೆಲೆ ಬರುತ್ತಿತ್ತು’ ಎಂಬುದೇ ಅದರ ಅರ್ಥ. ಆ ಬೆಲೆಗೆ ಒಂದು ಷೇರೂ ಕೈಬದಲಾಗಿರುವುದಿಲ್ಲ. ಎನ್‌ಎಸ್‌ಇಯ ಪ್ರೀ-ಓಪನ್ ಪುಟದಲ್ಲಿ ಇದನ್ನು `IEP` ಎಂದು ತೋರಿಸುತ್ತಾರೆ.

ನಮ್ಮ ಪಟ್ಟಿಗೇ 9:05ರಲ್ಲಿ ಇನ್ನೊಂದು ಆರ್ಡರ್ ಇತ್ತೆಂದುಕೊಳ್ಳಿ, 12,000 ಷೇರಿಗೆ ಮಾರ್ಕೆಟ್ ಖರೀದಿ. ಆಗ ಪ್ರತಿ ಬೆಲೆಯಲ್ಲೂ ಕೊಳ್ಳಲು ಸಿದ್ಧವಿರುವ ಸಂಖ್ಯೆಗೆ 12,000 ಕೂಡುತ್ತದೆ. 418ರಲ್ಲಿ ಕೊಳ್ಳುವವರು 22,000 ಆದರೂ ಮಾರುವವರು 12,000 ಮಾತ್ರ. 422ರಲ್ಲಿ ಕೊಳ್ಳಲು 15,000, ಮಾರಲು 16,000, ಹಾಗಾಗಿ 15,000 ಕೈಬದಲಾಗುತ್ತದೆ. 430ಕ್ಕೆ ಏರಿದರೆ 14,000ಕ್ಕೆ ಇಳಿಯುತ್ತದೆ. ಆದರೆ ಇಲ್ಲೊಂದು ಸಮಸ್ಯೆ ಇದೆ. 422ರಿಂದ 425ರವರೆಗೆ ಯಾವ ಬೆಲೆ ಹಿಡಿದರೂ ಅದೇ 15,000 ಬರುತ್ತದೆ. ಹೀಗೆ ಒಂದಕ್ಕಿಂತ ಹೆಚ್ಚು ಬೆಲೆಗಳು ಸಮವಾದಾಗ, ಹೊಂದದೆ ಉಳಿಯುವ ಷೇರು ಎಲ್ಲಿ ಅತಿ ಕಡಿಮೆಯೋ ಆ ಬೆಲೆಯನ್ನು ಹಿಡಿಯಬೇಕು. ಇಲ್ಲಿ ಎಲ್ಲದರಲ್ಲೂ 1,000 ಷೇರೇ ಉಳಿಯುತ್ತದೆ, ಅದೂ ಸಮ. ಆಗ ಹಿಂದಿನ ದಿನದ ಮುಕ್ತಾಯ ಬೆಲೆಗೆ ಹತ್ತಿರವಿರುವುದನ್ನು ಆರಿಸಬೇಕು. 412ಕ್ಕೆ ಹತ್ತಿರವಿರುವುದು 422. ನೀವು 9:05ಕ್ಕೆ ಕಂಡ ಬೆಲೆ ಹೀಗೆ ಹುಟ್ಟಿರಬಹುದು. ಆ ಒಂದು ಆರ್ಡರನ್ನು ಹಾಕಿದವರು ಮರಳಿ ತೆಗೆದ ಕೂಡಲೇ ಲೆಕ್ಕ ಮತ್ತೆ 418ಕ್ಕೆ ಬರುತ್ತದೆ.

ಮುಕ್ತಾಯ ಬೆಲೆ ಎಂದೆನಲ್ಲ, ಅದು ಮಧ್ಯಾಹ್ನ 3:30ಕ್ಕೆ ನಡೆದ ಕೊನೆಯ ವ್ಯಾಪಾರದ ಬೆಲೆಯೆಂದು ಭಾವಿಸಬೇಡಿ. ನಮ್ಮಲ್ಲಿ ಅದನ್ನು ಕೊನೆಯ ಅರ್ಧ ಗಂಟೆಯ ವ್ಯಾಪಾರಗಳ ಪ್ರಮಾಣಕ್ಕೆ ತಕ್ಕ ಸರಾಸರಿಯಾಗಿ ಲೆಕ್ಕ ಹಾಕುತ್ತ ಬಂದಿದ್ದಾರೆ. ಹರಾಜಿನಲ್ಲಿ ಬೆಲೆಗಳು ಸಮವಾದಾಗ ಅಂತಿಮವಾಗಿ ತೂಗುವುದು ಇದೇ ಸಂಖ್ಯೆ. ಬೋನಸ್ ಅಥವಾ ಷೇರು ವಿಭಜನೆಯಂಥದ್ದು ನಡೆದಿದ್ದರೆ ಅದಕ್ಕೆ ಹೊಂದಿಸಿದ ಬೆಲೆಯನ್ನು ಬಳಸುತ್ತಾರೆ.

ಹಾಗಾದರೆ ಆ 12,000 ಷೇರಿನವರು ಆಟ ಆಡಿದರೇ? ಎರಡೂ ಸಾಧ್ಯ. ಆರ್ಡರ್ ಹಿಂತೆಗೆಯುವುದು ನಿಯಮಬದ್ಧ. ಬೆಲೆ ತಮ್ಮ ಅಂದಾಜಿಗಿಂತ ಮೇಲೆ ಹೋದದ್ದನ್ನು ಕಂಡು ನಿಜವಾದ ಕೊಳ್ಳುವವರೇ ಹಿಂದೆ ಸರಿದಿರಬಹುದು. ಆದರೆ ಕೊಳ್ಳುವ ಉದ್ದೇಶವೇ ಇಲ್ಲದೆ, ಸೂಚನಾ ಬೆಲೆಯನ್ನು ಏರಿಸಿ ತೋರಿಸಿ ಇತರರನ್ನು ಸೆಳೆಯಲು ದೊಡ್ಡ ಆರ್ಡರ್ ಹಾಕಿ ತೆಗೆಯುವುದು ಸೆಬಿಯ 2003ರ ವಂಚನಾ ವ್ಯಾಪಾರ ತಡೆ ನಿಯಮಗಳ ವ್ಯಾಪ್ತಿಗೆ ಬರುವ ಅಪರಾಧ. ಬಾಗಿಲನ್ನು ಅನಿಶ್ಚಿತ ಕ್ಷಣದಲ್ಲಿ ಮುಚ್ಚುವುದು ಇದನ್ನು ತಡೆಯಲೆಂದೇ. ಸರಿಯಾಗಿ 9:08ಕ್ಕೆ ಮುಚ್ಚುತ್ತದೆಂದು ಗೊತ್ತಿದ್ದರೆ ಕೊನೆಯ ಅರೆ ಸೆಕೆಂಡಿನಲ್ಲಿ ಹಿಂತೆಗೆಯಬಹುದಿತ್ತು. 9:07ರ ನಂತರ ಯಾವ ಕ್ಷಣವಾದರೂ ಆಗಬಹುದಾದ್ದರಿಂದ, ಸುಳ್ಳು ಆರ್ಡರ್ ಇಟ್ಟವರು ನಿಜವಾಗಿಯೂ ಕೊಳ್ಳಬೇಕಾಗಿ ಬರುವ ಅಪಾಯವಿದೆ. ಆದರೆ ಈ ರಕ್ಷಣೆ ಕೊನೆಯ ಒಂದು ನಿಮಿಷಕ್ಕೆ ಮಾತ್ರ. 9:00ರಿಂದ 9:07ರವರೆಗಿನ ಆರ್ಡರನ್ನು ಯಾವ ಭಯವೂ ಇಲ್ಲದೆ ಹಾಕಿ ತೆಗೆಯಬಹುದು. ಆದ್ದರಿಂದ 9:07ಕ್ಕೆ ಮುಂಚಿನ ಸೂಚನಾ ಬೆಲೆಯನ್ನು ನಂಬಿ ನಿರ್ಧಾರ ಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ನಿಮ್ಮಂಥ ಮಾರ್ಕೆಟ್ ಆರ್ಡರ್ ಅರ್ಧಕ್ಕೆ ನಿಲ್ಲುತ್ತದೆಯೇ ಎಂದು ಮೊದಲೇ ಅಂದಾಜು ಮಾಡಲು ಅದೇ ಪುಟದಲ್ಲಿ ಒಂದು ಗುರುತಿದೆ. ಆರ್ಡರ್ ಪಟ್ಟಿಯ ಬೆಲೆಗಳ ಸಾಲಿನಲ್ಲಿ `ATO` ಎಂದು ಕಾಣುವುದು ಆಯಾ ಕಡೆಯ ಮಾರ್ಕೆಟ್ ಆರ್ಡರುಗಳ ಒಟ್ಟು ಸಂಖ್ಯೆ. ಮಾರುವ ಕಡೆಯ ಒಟ್ಟು ಆರ್ಡರ್ ಸೂಚನಾ ಬೆಲೆಯಲ್ಲಿ ಕೊಳ್ಳುವವರಿಗಿಂತ ಹೆಚ್ಚಿದ್ದು, ಮಾರುವ ಕಡೆಯ `ATO` ಕೂಡ ದೊಡ್ಡದಿದ್ದರೆ, ಉಳಿಯುವವು ಬಹುತೇಕ ಮಾರ್ಕೆಟ್ ಆರ್ಡರುಗಳೇ.

ಮುಂದಿನ ಸಲಕ್ಕೆ ನಿಮ್ಮ ಮುಂದಿರುವ ದಾರಿಗಳು ಹೆಚ್ಚಿಲ್ಲ. ನಾನು ಸಾಮಾನ್ಯವಾಗಿ ಹೇಳುವುದು, ಹರಾಜಿನಲ್ಲಿ ಮಾರಲೇಬೇಕೆಂದಿದ್ದರೆ ಲಿಮಿಟ್ ಆರ್ಡರನ್ನೇ ಹಾಕಿ, ಮತ್ತು ನೀವು ನಿಜವಾಗಿ ಒಪ್ಪುವ ಅತಿ ಕಡಿಮೆ ಬೆಲೆಯನ್ನು ಅದರಲ್ಲಿ ಬರೆಯಿರಿ. ಲಿಮಿಟ್ ಆರ್ಡರುಗಳೊಳಗೆ ಕಡಿಮೆಗೆ ಮಾರಲು ಒಪ್ಪಿದವರಿಗೆ ಮೊದಲ ಸ್ಥಾನ. ನಿಮ್ಮ ಸ್ನೇಹಿತರು 405 ಬರೆದು, 412 ಮತ್ತು 418 ಬರೆದವರಿಗಿಂತ ಮುಂದೆ ನಿಂತರು, ಆದರೂ 418 ಪಡೆದರು. ಅವರ ದಾರಿಯ ಅಪಾಯವನ್ನೂ ತಿಳಿದಿರಬೇಕು. ಸುದ್ದಿಯನ್ನು ಮಾರುಕಟ್ಟೆ ಬೇರೆ ರೀತಿ ಓದಿಕೊಂಡು ಆರಂಭಿಕ ಬೆಲೆ 406ಕ್ಕೆ ನಿಂತಿದ್ದರೆ ಅವರ ಷೇರು 406ಕ್ಕೆ ಹೋಗುತ್ತಿತ್ತು, ದೂರುವಂತಿರಲಿಲ್ಲ. ಆದ್ದರಿಂದ ‘ಹೇಗೂ ಮೇಲಿನ ಬೆಲೆಯೇ ಸಿಗುತ್ತದೆ’ ಎಂಬ ಭರವಸೆಯಲ್ಲಿ ಮನಸ್ಸಿಗೆ ಒಪ್ಪದ ಕೆಳಬೆಲೆಯನ್ನು ಬರೆಯಬಾರದು.

ಈ ಉಪಾಯ ದಿನಕ್ಕೆ ಲಕ್ಷಗಟ್ಟಲೆ ವಹಿವಾಟಾಗುವ ದೊಡ್ಡ ಷೇರುಗಳಿಗೆ ಸರಿ. ಕೊಳ್ಳುವವರು ಮಾರುವವರು ಬೆರಳೆಣಿಕೆಯಷ್ಟಿರುವ ಚಿಕ್ಕ ಷೇರುಗಳಲ್ಲಿ ಹರಾಜು ಹೆಸರಿಗೆ ಮಾತ್ರ ಹರಾಜು. ಹಿಂದಿನ ಮುಕ್ತಾಯ 100 ರೂಪಾಯಿ, ಶೇ 20ರ ಬೆಲೆಮಿತಿ ಇರುವ ಒಂದು ಷೇರನ್ನು ತೆಗೆದುಕೊಳ್ಳಿ. ಮಾರುವವರು ಒಬ್ಬರೇ, 118ಕ್ಕೆ 50 ಷೇರು. ಕೊಳ್ಳುವವರೂ ಒಬ್ಬರೇ, 50 ಷೇರಿಗೆ ಮಾರ್ಕೆಟ್ ಆರ್ಡರ್. 118ಕ್ಕಿಂತ ಕೆಳಗೆ ಏನೂ ಹೊಂದುವುದಿಲ್ಲ, 118ರಲ್ಲೂ ಅದರ ಮೇಲೂ 50 ಹೊಂದುತ್ತದೆ, ಮುಕ್ತಾಯ ಬೆಲೆಗೆ ಹತ್ತಿರವಿರುವುದು 118. ಹೀಗೆ ನಿಯಮದಲ್ಲಿ ಯಾವ ತಪ್ಪೂ ಇಲ್ಲದೆ ಆ ಷೇರು ಶೇ 18 ಮೇಲೆ ತೆರೆಯುತ್ತದೆ, ಕೊಂಡವರು 9:20ರ ಹೊತ್ತಿಗೆ ಮತ್ತೆ 101 ಎಂದು ನೋಡಿ ತಲೆ ಹಿಡಿದುಕೊಳ್ಳುತ್ತಾರೆ. ಅತಿ ಹೆಚ್ಚು ಕೈಬದಲಾಗುವ ಬೆಲೆ ಎಂಬ ನಿಯಮ ನ್ಯಾಯವಾಗಿ ಕೆಲಸ ಮಾಡುವುದು ಕೂಡಿಸಲು ಸಾಕಷ್ಟು ಆರ್ಡರುಗಳಿದ್ದಾಗ. ಇಂಥ ಷೇರುಗಳಲ್ಲಿ ಪ್ರೀ-ಓಪನ್‌ಗೆ ಮಾರ್ಕೆಟ್ ಆರ್ಡರ್ ಹಾಕುವುದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಹರಾಜಿನಲ್ಲಿ ಎಷ್ಟು ಷೇರು ಹೊಂದಿತು ಎಂಬ ಸಂಖ್ಯೆಯೂ ಪರದೆಯಲ್ಲಿರುತ್ತದೆ. ಬೆಲೆಗಿಂತ ಮೊದಲು ಆ ಸಂಖ್ಯೆಯ ಕಡೆ ಕಣ್ಣು ಹೋಗಬೇಕು, ಅದು ಐವತ್ತು ನೂರರಲ್ಲಿದ್ದರೆ ಆ ಆರಂಭಿಕ ಬೆಲೆಯಿಂದ ಏನನ್ನೂ ಊಹಿಸುವಂತಿಲ್ಲ.

ಇನ್ನೊಂದು ದಾರಿ ಹರಾಜನ್ನು ಬಿಟ್ಟು 9:15ರ ನಂತರ ಮಾರುವುದು. ಎದುರಿನ ಬೆಲೆಗಳನ್ನು ಕಣ್ಣಾರೆ ಕಂಡು ನಿರ್ಧರಿಸಬಹುದು ಎಂಬುದು ಅದರ ಅನುಕೂಲ. ಫಲಿತಾಂಶದ ಮರುದಿನ ಮೊದಲ ಕೆಲವು ನಿಮಿಷಗಳಲ್ಲಿ ಬೆಲೆ ಎತ್ತಲಾದರೂ ಓಡಬಹುದು ಎಂಬುದು ಅದರ ಅಪಾಯ. ನಮ್ಮ ಉದಾಹರಣೆಯಲ್ಲಿ ಹರಾಜಿನವರು 418 ಪಡೆದಾಗ 9:15ರವರೆಗೆ ಕಾದವರಿಗೆ ಸಿದ್ಧವಿದ್ದದ್ದು 415. ಬೇರೆ ದಿನ ಇದು ಇನ್ನೊಂದು ದಿಕ್ಕಿಗೂ ಆಗಬಹುದು. ಒಂದೇ ಬೆಲೆಗೆ ಬಹಳ ಷೇರು ಹೋಗುವ ಹರಾಜು ದೊಡ್ಡ ಆರ್ಡರಿನವರಿಗೆ ಹೆಚ್ಚು ಪ್ರಯೋಜನಕಾರಿ. 500 ಷೇರು ಮಾರುವ ನಿಮಗೆ ಎರಡರ ನಡುವೆ ದೊಡ್ಡ ಅಂತರವಿಲ್ಲ, ಷೇರು ಚೆನ್ನಾಗಿ ಓಡಾಡುವಂಥದ್ದಾಗಿದ್ದರೆ ಸಾಕು.

ಎನ್‌ಎಸ್‌ಇ ಮತ್ತು ಬಿಎಸ್‌ಇ ತಂತಮ್ಮ ಹರಾಜನ್ನು ಪ್ರತ್ಯೇಕವಾಗಿ ನಡೆಸುತ್ತವೆ, ಹಾಗಾಗಿ ಒಂದೇ ಷೇರಿಗೆ ಒಂದೇ ಬೆಳಿಗ್ಗೆ ಎರಡು ಆರಂಭಿಕ ಬೆಲೆಗಳು ಇರಬಹುದು. ನಿಮ್ಮ ಮತ್ತು ಸ್ನೇಹಿತರ ಬೆಲೆ ಬೇರೆಯಾಗಿದ್ದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಅದೇ. ಇಬ್ಬರದೂ 418 ಆಗಿರುವುದರಿಂದ ಇಬ್ಬರೂ ಒಂದೇ ಕಡೆ ಮಾರಿರುವ ಸಾಧ್ಯತೆ ಹೆಚ್ಚು. ಇದೇ ಹರಾಜು ಬೆಳಗ್ಗೆ ಮಾತ್ರ ನಡೆಯುತ್ತದೆಂದೂ ಅಲ್ಲ. 2020ರ ಮಾರ್ಚ್ 13ರಂದು ಸೂಚ್ಯಂಕ ಶೇ 10ರಷ್ಟು ಕುಸಿದು ವಹಿವಾಟು 45 ನಿಮಿಷ ನಿಂತಾಗ, ಮತ್ತೆ ತೆರೆಯುವ ಮುನ್ನ 15 ನಿಮಿಷದ ಇಂಥದೇ ಹರಾಜು ನಡೆಯಿತು. ಹೊಸ ಕಂಪನಿಯ ಷೇರು ಮೊದಲ ದಿನ ಪಟ್ಟಿಗೆ ಸೇರುವಾಗಲೂ ಒಂದು ಗಂಟೆಯ ವಿಶೇಷ ಪ್ರೀ-ಓಪನ್ ಇರುತ್ತದೆ, ಮಾಮೂಲಿ ವಹಿವಾಟು ಹತ್ತಕ್ಕೆ ತೆರೆಯುತ್ತದೆ. ಐಪಿಒ ಷೇರನ್ನು ಅಂದು ಮಾರ್ಕೆಟ್ ಆರ್ಡರಿನಲ್ಲಿ ಮಾರಲು ಹೊರಟವರಿಗೂ ಮೇಲಿನ ಸಾಲಿನ ಕೊನೆಯ ಸ್ಥಾನವೇ ಕಾದಿರುತ್ತದೆ.

ಬಾಕಿ ಉಳಿದ ಆರ್ಡರ್ ಅದೇ ದಿನಕ್ಕೆ ಮಾತ್ರ ಜೀವಂತ, ಬೆಲೆ 418ನ್ನು ಮುಟ್ಟದಿದ್ದರೆ ಸಂಜೆ ತಾನಾಗಿ ರದ್ದಾಗುತ್ತದೆ. ಆದ್ದರಿಂದ ಪ್ರೀ-ಓಪನ್‌ಗೆ ಆರ್ಡರ್ ಹಾಕಿದ ದಿನ 9:08ರ ನಂತರ ಒಮ್ಮೆ ಆರ್ಡರ್ ಪುಟ ತೆರೆದು, ಎಷ್ಟು ಹೋಗಿದೆ, ಎಷ್ಟು ಉಳಿದಿದೆ, ಯಾವ ಬೆಲೆಗೆ ಉಳಿದಿದೆ ಎಂದು ನೋಡಿಕೊಳ್ಳಿ. 9:15 ಆದ ಕೂಡಲೇ ಅದರ ಬೆಲೆಯನ್ನು ತಿದ್ದುವ ಅಥವಾ ರದ್ದುಮಾಡುವ ಅಧಿಕಾರ ಮತ್ತೆ ನಿಮ್ಮದಾಗುತ್ತದೆ. ಬೆಲೆ ತಿದ್ದಿದರೆ ಹಳೆಯ ಸಮಯದ ಮುದ್ರೆ ಹೋಗಿ ಹೊಸ ಬೆಲೆಯ ಸಾಲಿನ ಹಿಂದೆ ನಿಲ್ಲುತ್ತೀರಿ. ಎದುರಿನ ಕೊಳ್ಳುವವರ ಬೆಲೆಗೇ ಇಳಿಸಿದರೆ ಅದರ ಚಿಂತೆ ಇಲ್ಲ, ವ್ಯಾಪಾರ ಆಗಲೇ ಮುಗಿಯುತ್ತದೆ. ಇಷ್ಟೆಲ್ಲ ಆದಮೇಲೂ ಬ್ರೋಕರ್ ಬಗ್ಗೆ ಅನುಮಾನ ಉಳಿದರೆ, ನಿಮ್ಮ ಆರ್ಡರ್ ವಿನಿಮಯ ಕೇಂದ್ರವನ್ನು ಎಷ್ಟು ಗಂಟೆ, ನಿಮಿಷ, ಸೆಕೆಂಡಿಗೆ ಸೇರಿತು ಮತ್ತು ಅದು ಮಾರ್ಕೆಟ್ ಆರ್ಡರ್ ಆಗಿಯೇ ಸೇರಿತೇ ಎಂಬ ವಿವರವನ್ನು ಲಿಖಿತವಾಗಿ ಕೇಳಿ. ಕೆಲವು ಬ್ರೋಕರ್‌ಗಳು ಮಾರ್ಕೆಟ್ ಆರ್ಡರನ್ನು ತಾವೇ ಒಂದು ಬೆಲೆಯ ಲಿಮಿಟ್ ಆಗಿ ಪರಿವರ್ತಿಸಿ ಕಳುಹಿಸುವುದುಂಟು. ನಿಮ್ಮ ವಿಷಯದಲ್ಲಿ ಹಾಗಾಗಿದ್ದರೆ ಆ ದಾಖಲೆಯಲ್ಲೇ ತಿಳಿಯುತ್ತದೆ, ಆಗ 418 ಎಲ್ಲಿಂದ ಬಂತೆಂದು ಅವರೇ ಉತ್ತರಿಸಬೇಕಾಗುತ್ತದೆ.